ವಜ್ರಪೇಟೆಯ ಸುದ್ದಿ ಕನ್ನಡಕ್ಕೆ ಬರುವಾಗ

ಅಡಾಜಣ್‌ನಿಂದ ತಾಪಿ ದಾಟಿ ಖಜೋಡ್ ಕಡೆಗೆ ಹೋದರೆ ಸೂರತ್ ಡೈಮಂಡ್ ಬೋರ್ಸ್ ಸಿಗುತ್ತದೆ. 2023ರ ಡಿಸೆಂಬರ್ 17ರಂದು ಪ್ರಧಾನಿ ನರೇಂದ್ರ ಮೋದಿ ಅದನ್ನು ಉದ್ಘಾಟಿಸಿದರು. ಇಂಥ ಸಮಾರಂಭದ ಇಂಗ್ಲಿಷ್ ಪ್ರಕಟಣೆಯನ್ನು ಕನ್ನಡ ಪತ್ರಿಕೆಗೆ ಕಳಿಸಬೇಕಾದರೆ ಮೂರು ಕಡೆ ಎಚ್ಚರ ಬೇಕು.

ಮೊದಲನೆಯದು ಶೀರ್ಷಿಕೆ. ನಿಘಂಟು ನೋಡಿ ‘ಬೋರ್ಸ್’ ಎಂದರೆ ಷೇರುಪೇಟೆ ಎಂದು ಬರೆದರೆ ಸುದ್ದಿಯೇ ತಪ್ಪಾಗುತ್ತದೆ. ಅಲ್ಲಿ ಮಾರುವುದು ವಜ್ರ, ಷೇರಲ್ಲ. ಪೂರ್ತಿ ಹೆಸರನ್ನು ಹಾಗೇ ಇಟ್ಟರೆ ಕಿರಿದಾದ ಅಂಕಣದಲ್ಲಿ ಹಿಡಿಸುವುದಿಲ್ಲ. ‘ಸೂರತ್ ವಜ್ರಪೇಟೆ’ ಒಂದು ಸಾಲು, ‘ಉದ್ಘಾಟಿಸಿದ ಮೋದಿ’ ಇನ್ನೊಂದು ಸಾಲು ಎಂದರೆ ಎರಡರಲ್ಲೂ ಏಳೇಳು ಅಕ್ಷರ, ಸರಿಯಾಗಿ ಕೂರುತ್ತದೆ. ಅಧಿಕೃತ ಹೆಸರು ಸುದ್ದಿಯ ಮೊದಲ ಪ್ಯಾರಾದಲ್ಲಿ ಒಮ್ಮೆ ಬಂದರೆ ಸಾಕು. ಅಕ್ಷರಗಳನ್ನು ಕಣ್ಣಿನಿಂದಲೇ ಎಣಿಸಬೇಕು. ಗುಣಿತ, ಒತ್ತುಗಳನ್ನು ಕಂಪ್ಯೂಟರ್ ಬೇರೆ ಬೇರೆ ಎಣಿಸುವುದರಿಂದ ನಾಲ್ಕಕ್ಷರದ ‘ವಜ್ರಪೇಟೆ’ ಅದರ ಲೆಕ್ಕದಲ್ಲಿ ಎಂಟಾಗಬಹುದು.

ಎರಡನೆಯದು ಮಾತು. ಮೋದಿ ಅಂದು ಭಾಷಣ ಮಾಡಿದ್ದು ಹಿಂದಿಯಲ್ಲಿ. ಹಾಗಾಗಿ ಇಂಗ್ಲಿಷ್ ಪ್ರಕಟಣೆಯಲ್ಲಿರುವುದೇ ಅನುವಾದ. ಅದನ್ನು ಮತ್ತೆ ಕನ್ನಡಕ್ಕೆ ತಂದು ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಅವರು ಆಡದ ಮಾತು ಅವರ ಬಾಯಿಗೆ ಬಂದೀತು. ಹಿಂದಿ ಮೂಲ ಸಿಕ್ಕರೆ ಅದರಿಂದಲೇ ಅನುವಾದಿಸಬೇಕು, ಸಿಗದಿದ್ದರೆ ಚಿಹ್ನೆ ತೆಗೆದು ಸಾರಾಂಶ ಕೊಟ್ಟು ‘ಎಂದರು’ ಎಂದು ಮುಗಿಸಬೇಕು. ಇಂಗ್ಲಿಷಿನಲ್ಲಿ ಮಾತು ಮೊದಲು ಬಂದು, ಆಡಿದವರ ಹೆಸರು ಹುದ್ದೆಗಳು ಆಮೇಲೆ ಬರುವುದುಂಟು. ಕನ್ನಡದಲ್ಲಿ ಯಾರ ಮಾತೆಂದು ಮೊದಲೇ ತಿಳಿಸಿದರೆ ಓದಲು ಸಲೀಸು. ಚಿಹ್ನೆ ತೆಗೆದ ಮೇಲೆ ‘ನಾವು’, ‘ನಮ್ಮ’ ಹಾಗೇ ಉಳಿದಿದ್ದರೆ ಪತ್ರಿಕೆಯೇ ಹೇಳಿದಂತೆ ಕೇಳುತ್ತದೆ. ಅಲ್ಲಿ ‘ಸಂಸ್ಥೆಯು’ ಅಥವಾ ‘ಸರ್ಕಾರವು’ ಎಂದು ತಿದ್ದಬೇಕು.

ಮೂರನೆಯದು ಅಳತೆ. ಕಟ್ಟಡದ ವಿಸ್ತೀರ್ಣ 6.7 ಮಿಲಿಯನ್ ಚದರ ಅಡಿ. ಒಂದು ಮಿಲಿಯನ್ ಎಂದರೆ ಹತ್ತು ಲಕ್ಷ, ಆದ್ದರಿಂದ ಇದು 67 ಲಕ್ಷ. ಅವಸರದಲ್ಲಿ 6.7 ಲಕ್ಷ ಎಂದು ಬರೆಯುವುದು ಸಾಮಾನ್ಯ ತಪ್ಪು. ಇದನ್ನು ಹಿಡಿಯಲು ಪ್ರಕಟಣೆಯ ಇನ್ನೊಂದು ಅಂಕಿಯಿಂದ ಭಾಗಿಸಿ ನೋಡಬೇಕು. ಅಲ್ಲಿ ಸುಮಾರು 4,500 ಕಚೇರಿಗಳಿವೆ. 67 ಲಕ್ಷವನ್ನು ಹಂಚಿದರೆ ಓಣಿ, ಮೆಟ್ಟಿಲು ಸೇರಿ ತಲಾ 1,490 ಚದರ ಅಡಿ ಬರುತ್ತದೆ, ನಂಬಬಹುದು. 6.7 ಲಕ್ಷವಾದರೆ ತಲಾ 149 ಮಾತ್ರ, ಅದು ಒಂದು ಸಣ್ಣ ಕೋಣೆ.

ಇಷ್ಟಾದರೂ 67 ಲಕ್ಷ ಎಂಬುದು ಓದುಗರ ಕಣ್ಣಿಗೆ ಕಟ್ಟುವುದಿಲ್ಲ. ಮೂವತ್ತು-ನಲವತ್ತರ ಸೈಟು ಎಂದರೆ 1,200 ಚದರ ಅಡಿ ಎಂದು ಕರ್ನಾಟಕದಲ್ಲಿ ಎಲ್ಲರಿಗೂ ಗೊತ್ತು. ಅಂಥ ಸುಮಾರು 5,580 ಸೈಟುಗಳಷ್ಟು ಎಂದರೆ ಅಂದಾಜು ಸಿಗುತ್ತದೆ. ಎಕರೆಯಲ್ಲಿ ಹೇಳಿದರೆ ಸುಮಾರು 154. ಆದರೆ ಬರಿಯ ‘154 ಎಕರೆ’ ಎಂದರೆ ಓದುಗರು ಅಷ್ಟು ಜಮೀನು ಎಂದುಕೊಳ್ಳುತ್ತಾರೆ. ನೆಲದ ಮೇಲಿನ ಜಾಗ ಇರುವುದು ಸುಮಾರು 35 ಎಕರೆ. ಒಂಬತ್ತು ಗೋಪುರಗಳ ‘ಎಲ್ಲ ಮಹಡಿ ಸೇರಿ’ ಎಂಬ ಮೂರು ಪದಗಳನ್ನು ಜಾಗ ಎಷ್ಟೇ ಕಡಿಮೆಯಿದ್ದರೂ ಬಿಡುವಂತಿಲ್ಲ.