‘ಸ್ವೀಕೃತಿಗೆ ಮುನ್ನ ಇಷ್ಟು ಸರಿಪಡಿಸಿ’

ಎರಡು ಸುತ್ತಿನ ಪರಿಶೀಲನೆ ಮುಗಿದಿರುತ್ತದೆ. ಪರಿಶೀಲಕರು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಬರೆದಾಗಿರುತ್ತದೆ. ‘ನಿಮ್ಮ ಲೇಖನವನ್ನು ಸ್ವೀಕರಿಸಲಾಗಿದೆ’ ಎಂಬ ಒಂದೇ ಸಾಲಿಗಾಗಿ ಸಂಶೋಧಕಿ ಕಾಯುತ್ತಿರುವಾಗ ಜರ್ನಲ್ ಸಂಪಾದಕರಿಂದ ಇಮೇಲ್ ಬರುತ್ತದೆ. ತೆರೆದು ನೋಡಿದರೆ ಅದರಲ್ಲಿ ವಿಜ್ಞಾನದ ಮಾತೇ ಇಲ್ಲ. ಪಠ್ಯದಲ್ಲಿ ಬಂದ ಪ್ರತಿ ಉಲ್ಲೇಖವೂ ಕೊನೆಯ ಪಟ್ಟಿಯಲ್ಲಿರಲಿ, ಪಟ್ಟಿಯಲ್ಲಿರುವ ಪ್ರತಿಯೊಂದೂ ಪಠ್ಯದಲ್ಲಿ ಬಂದಿರಲಿ. ಸಂಖ್ಯೆಗಳು ಮೊದಲು ಕಾಣಿಸಿಕೊಂಡ ಕ್ರಮದಲ್ಲೇ ಇರಲಿ. ಆರಕ್ಕಿಂತ ಹೆಚ್ಚು ಲೇಖಕರಿದ್ದರೆ ಆರು ಹೆಸರು ಕೊಟ್ಟು ‘ಮತ್ತಿತರರು’ ಎನ್ನಿ. ಜರ್ನಲ್ ಹೆಸರನ್ನು ಸಂಕ್ಷೇಪಿಸಿ. ಡಿಒಐ ಸೇರಿಸಿ. ಹಿಂತೆಗೆದುಕೊಂಡ ಲೇಖನಗಳಿವೆಯೇ ನೋಡಿ. ಇಷ್ಟನ್ನೂ ಏಳು ದಿನದೊಳಗೆ ಮಾಡಿ ಕಳಿಸಿ.

ಎರಡು ವರ್ಷ ಪ್ರಯೋಗಶಾಲೆಯಲ್ಲಿ ದುಡಿದವರಿಗೆ ಇದು ಮದುವೆ ಮನೆಯ ಬಾಗಿಲಲ್ಲಿ ನಿಲ್ಲಿಸಿ ಚಪ್ಪಲಿಯ ಲೆಕ್ಕ ಕೇಳಿದಂತೆ ಅನ್ನಿಸಿದರೆ ಅಚ್ಚರಿಯಿಲ್ಲ. ಮೊದಲೇ ಏಕೆ ಹೇಳಲಿಲ್ಲ ಎಂಬ ಪ್ರಶ್ನೆಯೂ ನ್ಯಾಯವೇ. ಅದಕ್ಕೆ ಕಾರಣವಿದೆ. ಮೊದಲ ಸಲ ಕಳಿಸುವಾಗ ರೆಫರೆನ್ಸ್ ಯಾವ ಶೈಲಿಯಲ್ಲಿದ್ದರೂ ಸರಿ, ಒಂದೇ ರೀತಿ ಇದ್ದರೆ ಸಾಕು ಎಂದು ಈಗ ಅನೇಕ ಪ್ರಕಾಶಕರು ಹೇಳುತ್ತಾರೆ. ತಿರಸ್ಕೃತವಾಗಬಹುದಾದ ಲೇಖನದ ಅಲ್ಪವಿರಾಮ ತಿದ್ದಿಸಿ ಯಾರಿಗೂ ಲಾಭವಿಲ್ಲವಲ್ಲ. ಹೀಗೆ ಆರಂಭದಲ್ಲಿ ಕೊಟ್ಟ ರಿಯಾಯಿತಿಯ ಬಾಕಿ ಕೊನೆಯಲ್ಲಿ ವಸೂಲಾಗುತ್ತದೆ.

ಇಮೇಲ್‌ನಲ್ಲಿ ಕೇಳುವ ನಿಯಮಗಳು, ಅದರಲ್ಲೂ ವೈದ್ಯಕೀಯ ಜರ್ನಲ್‌ಗಳಲ್ಲಿ, ಹೆಚ್ಚಾಗಿ ‘ವ್ಯಾಂಕೂವರ್ ಶೈಲಿ’ಯವು. 1978ರಲ್ಲಿ ಕೆಲವು ವೈದ್ಯಕೀಯ ಜರ್ನಲ್‌ಗಳ ಸಂಪಾದಕರು ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿ, ಹಸ್ತಪ್ರತಿ ಹೇಗಿರಬೇಕೆಂದು ಒಂದು ಒಪ್ಪಂದಕ್ಕೆ ಬಂದರು. ಆ ಗುಂಪೇ ಮುಂದೆ ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯಾಯಿತು. ರೆಫರೆನ್ಸ್ ಬರೆಯುವ ರೀತಿಯನ್ನು ರೂಪಿಸಿಕೊಟ್ಟದ್ದು ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್. ಅಂದಿನ ಉದ್ದೇಶ ಲೇಖಕರ ಕೆಲಸ ಹಗುರ ಮಾಡುವುದಾಗಿತ್ತು. ಒಂದು ಜರ್ನಲ್ ಬೇಡ ಎಂದರೆ ಇನ್ನೊಂದಕ್ಕೆ ಕಳಿಸುವ ಮುನ್ನ ಇಡೀ ಪಟ್ಟಿಯನ್ನು ಟೈಪ್‌ರೈಟರ್‌ನಲ್ಲಿ ಮತ್ತೆ ಹೊಡೆಯುವ ಪಾಡು ತಪ್ಪಲಿ ಎಂಬುದು. ಇಂದು ಅದೇ ನಿಯಮಗಳನ್ನು ಓದಿ ಲೇಖಕರು ನಿಟ್ಟುಸಿರು ಬಿಡುತ್ತಿದ್ದಾರೆ.

ಆದರೆ ಆಗ ಇಲ್ಲದ ಒಬ್ಬ ಓದುಗ ಈಗ ಬಂದಿದ್ದಾನೆ, ಕಂಪ್ಯೂಟರ್. ಲೇಖನ ಪ್ರಕಟವಾಗುವಾಗ ಪ್ರಕಾಶಕರು ಪ್ರತಿ ರೆಫರೆನ್ಸನ್ನೂ ಲೇಖಕ, ವರ್ಷ, ಸಂಪುಟ, ಪುಟ ಎಂದು ಬಿಡಿಸಿ, ಕ್ರಾಸ್‌ರೆಫ್ ಎಂಬ ಸಂಸ್ಥೆಯ ದಾಖಲೆಗಳ ಜತೆ ತಾಳೆ ನೋಡುತ್ತಾರೆ. 2000ದಲ್ಲಿ ಶುರುವಾದ ಈ ಸಂಸ್ಥೆಯಲ್ಲಿ ಲೇಖನಗಳಿಗೆ ಡಿಒಐ ಎಂಬ ಶಾಶ್ವತ ಗುರುತು ದಾಖಲಾಗಿರುತ್ತದೆ. ಜಾಲತಾಣದ ವಿಳಾಸ ಬದಲಾದರೂ ಅದು ಬದಲಾಗುವುದಿಲ್ಲ. ತಾಳೆಯಾದರೆ ಕೊಂಡಿ ಬೀಳುತ್ತದೆ, ಓದುಗ ಒಂದೇ ಕ್ಲಿಕ್ಕಿಗೆ ಮೂಲ ಲೇಖನ ತಲುಪುತ್ತಾನೆ, ಮೂಲ ಲೇಖಕರ ಖಾತೆಗೆ ಒಂದು ಉಲ್ಲೇಖ ಜಮೆಯಾಗುತ್ತದೆ. ತಾಳೆಯಾಗದಿದ್ದರೆ ಈ ಮೂರೂ ಆಗದೆ ಹೋಗಬಹುದು.

ತಾಳೆ ಹೇಗೆ ತಪ್ಪುತ್ತದೆ ಎಂಬುದಕ್ಕೆ ಬೆಂಗಳೂರಿನ ನಂಟಿರುವ ಒಂದು ಉದಾಹರಣೆ ನೋಡಬಹುದು. ಲೇಖಕಿಯೊಬ್ಬರ ಪಟ್ಟಿಯಲ್ಲಿ ಸಿ.ವಿ. ರಾಮನ್ ಅವರ ಶೋಧದ ರೆಫರೆನ್ಸ್ ಹೀಗಿದೆ ಎಂದುಕೊಳ್ಳೋಣ:

```
V RC, Krishnan KS. A new radiation. Nature. 1928;2:387.
```

ಮೇಲ್ನೋಟಕ್ಕೆ ಎಲ್ಲವೂ ಅಚ್ಚುಕಟ್ಟು. ಚುಕ್ಕೆ, ಅರ್ಧವಿರಾಮ, ವಿವರಣಾ ಚಿಹ್ನೆ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿವೆ. ಅನುಭವಿ ಸಂಪಾದಕರ ಕಣ್ಣು ಮಾತ್ರ ಸಂಪುಟದ ಸಂಖ್ಯೆಯ ಮೇಲೆ ನಿಲ್ಲುತ್ತದೆ. ‘ನೇಚರ್’ ಶುರುವಾದದ್ದು 1869ರಲ್ಲಿ. 1928ರ ಹೊತ್ತಿಗೆ ಅದರ ಸಂಪುಟ ಸಂಖ್ಯೆ ಎರಡಾಗಿರಲು ಸಾಧ್ಯವೇ ಇಲ್ಲ.

ಇಲ್ಲಿ ಎರಡು ಬೇರೆ ಬೇರೆ ಲೇಖನಗಳು ಒಂದರೊಳಗೊಂದು ಬೆರೆತುಹೋಗಿವೆ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಜತೆಯಾಗಿ ಬರೆದ ಪುಟ್ಟ ಟಿಪ್ಪಣಿ ‘ನೇಚರ್’ನಲ್ಲಿ 1928ರ ಮಾರ್ಚ್ 31ರಂದು ಬಂತು. ಅದರ ಶೀರ್ಷಿಕೆ ಬೇರೆ, ಸಂಪುಟ 121. ಇನ್ನೊಂದು, ಅದೇ ಮಾರ್ಚ್ 16ರಂದು ಬೆಂಗಳೂರಿನಲ್ಲಿ ಸೌತ್ ಇಂಡಿಯನ್ ಸೈನ್ಸ್ ಅಸೋಸಿಯೇಷನ್‌ನಲ್ಲಿ ರಾಮನ್ ಮಾಡಿದ ಉದ್ಘಾಟನಾ ಭಾಷಣ. ಅದು ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್‌ನ ಎರಡನೆಯ ಸಂಪುಟದಲ್ಲಿ ರಾಮನ್ ಒಬ್ಬರ ಹೆಸರಿನಲ್ಲೇ ಅಚ್ಚಾಯಿತು. ಬಿಡಿಸಿ ಬರೆದರೆ ಇವು ಹೀಗಾಗುತ್ತವೆ:

```
Raman CV, Krishnan KS. A new type of secondary radiation.
Nature. 1928;121(3048):501-2.
https://doi.org/10.1038/121501c0

Raman CV. A new radiation. Indian J Phys. 1928;2:387-98.
```

ಜರ್ನಲ್ ಹೆಸರಿನ ನಿಯಮವೂ ಇಲ್ಲೇ ಕಾಣುತ್ತದೆ. ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್ ಮೊಟಕಾಯಿತು, ‘ನೇಚರ್’ ಆಗಲಿಲ್ಲ, ಏಕೆಂದರೆ ಒಂದೇ ಪದದ ಹೆಸರನ್ನು ಸಂಕ್ಷೇಪಿಸುವುದಿಲ್ಲ. ಯಾವ ಹೆಸರಿಗೆ ಯಾವ ಸಂಕ್ಷೇಪ ಎಂಬುದನ್ನು ಊಹಿಸಬೇಕಿಲ್ಲ. ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್‌ನ ಕ್ಯಾಟಲಾಗ್‌ನಲ್ಲಿ ಹುಡುಕಿದರೆ ಬಹುಪಾಲು ಸಿಗುತ್ತದೆ.

ಇನ್ನು ಆ ವಿಚಿತ್ರ ‘V RC’. ರೆಫರೆನ್ಸ್ ತಂತ್ರಾಂಶದಲ್ಲಿ ಯಾರೋ ಹೆಸರನ್ನು ‘ರಾಮನ್ ಸಿ ವಿ’ ಎಂದು ಒಂದೇ ಸಾಲಿನಲ್ಲಿ ತುಂಬಿದ್ದಾರೆ. ಕೊನೆಯ ತುಂಡೇ ಮನೆತನದ ಹೆಸರು ಎಂದು ತಿಳಿಯುವ ತಂತ್ರಾಂಶ ‘ವಿ’ಯನ್ನು ಮನೆತನ ಮಾಡಿ, ರಾಮನ್ ಅವರನ್ನು ಇನಿಶಿಯಲ್‌ಗೆ ಇಳಿಸಿದೆ. ಕರ್ನಾಟಕದ ಲೇಖಕರಿಗೆ ಇದು ನಿತ್ಯದ ತೊಂದರೆ. ನಮ್ಮಲ್ಲಿ ಇನಿಶಿಯಲ್ ಎಂದರೆ ಊರು ಮತ್ತು ಅಪ್ಪನ ಹೆಸರು, ಮುಖ್ಯ ಹೆಸರು ವ್ಯಕ್ತಿಯದೇ. ಎಚ್.ಎಸ್. ಸುಮಾ ಎಂಬವರು ಒಂದು ಪಟ್ಟಿಯಲ್ಲಿ ಸುಮಾ ಆಗಿ, ಇನ್ನೊಂದರಲ್ಲಿ ‘ಎಸ್’ ಎಂಬ ಮನೆತನದವರಾಗಿ, ದತ್ತಾಂಶಕೋಶದಲ್ಲಿ ಇಬ್ಬರಾಗಿಬಿಡುತ್ತಾರೆ. ಪರಿಶೀಲನಾ ಪಟ್ಟಿಯಲ್ಲಿ ‘ಲೇಖಕರ ಹೆಸರು ಮೂಲದಲ್ಲಿದ್ದಂತೆ ಇದೆಯೇ’ ಎಂಬ ಸಾಲು ಕಂಡರೆ ಮೊದಲು ಭಾರತೀಯ ಹೆಸರುಗಳನ್ನು ನೋಡುವುದು ಒಳ್ಳೆಯದು. ತಪ್ಪಿರುವ ಸಂಭವ ಅಲ್ಲೇ ಹೆಚ್ಚು.

ತಪ್ಪು ಸಿಕ್ಕಿದ ಕೂಡಲೇ ಬಹಳ ಮಂದಿ ಮಾಡುವ ಕೆಲಸವೆಂದರೆ ವರ್ಡ್ ಕಡತದಲ್ಲೇ ಅದನ್ನು ತಿದ್ದಿಬಿಡುವುದು. ಜೊಟೆರೊ, ಮೆಂಡಲೆ, ಎಂಡ್‌ನೋಟ್ ಬಳಸುವವರಿಗೆ ಇದು ಗುಂಡಿ. ಕಡತದಲ್ಲಿ ಕಾಣುವ ಪಟ್ಟಿ ತಂತ್ರಾಂಶದೊಳಗಿನ ದಾಖಲೆಯ ನೆರಳು ಮಾತ್ರ. ಮುಂದಿನ ಸಲ ‘ರಿಫ್ರೆಶ್’ ಒತ್ತಿದರೆ ಕೈಯಾರೆ ತಿದ್ದಿದ್ದೆಲ್ಲ ಅಳಿಸಿ, ಹಳೆಯ ತಪ್ಪು ಮತ್ತೆ ಬಂದು ಕೂರುತ್ತದೆ. ತಿದ್ದಬೇಕಾದ್ದು ತಂತ್ರಾಂಶದೊಳಗಿನ ದಾಖಲೆಯನ್ನು. ಎಲ್ಲ ಮುಗಿದ ಮೇಲೆ ಕಡತದ ಒಂದು ಪ್ರತಿ ಮಾಡಿಕೊಂಡು, ಆ ಪ್ರತಿಯಲ್ಲಿ ಮಾತ್ರ ತಂತ್ರಾಂಶದ ಕೊಂಡಿ ಕಡಿದು ಕಳಿಸಬೇಕು. ಮೂಲದಲ್ಲೇ ಕಡಿದರೆ ಆಮೇಲೆ ಒಂದು ಉಲ್ಲೇಖ ಸೇರಿಸಬೇಕಾದಾಗ ಎಲ್ಲ ಸಂಖ್ಯೆಗಳನ್ನೂ ಕೈಯಿಂದಲೇ ಬದಲಿಸಬೇಕಾಗುತ್ತದೆ. ಪರಿಶೀಲಕರ ಸಲಹೆಯಂತೆ ಪೀಠಿಕೆಯಲ್ಲಿ ಹೊಸದೊಂದು ನಾಲ್ಕನೆಯದಾಗಿ ಸೇರಿದರೆ, ಹಳೆಯ ನಾಲ್ಕರಿಂದ ಮುಂದಿನವೆಲ್ಲ ಒಂದೊಂದು ಸ್ಥಾನ ಕೆಳಗಿಳಿಯಬೇಕು. ಚಿತ್ರಗಳ ಅಡಿಬರಹ ಮತ್ತು ಕೋಷ್ಟಕಗಳಲ್ಲಿರುವ ಸಂಖ್ಯೆಗಳು ಕಣ್ತಪ್ಪುವುದು ಇಂಥ ಹೊತ್ತಿನಲ್ಲೇ.

ಪಠ್ಯವನ್ನೂ ಪಟ್ಟಿಯನ್ನೂ ಒಂದಕ್ಕೊಂದು ಹೋಲಿಸಿ ನೋಡಿ ಎಂಬ ಮೊದಲ ಸಾಲು ಎಲ್ಲಕ್ಕಿಂತ ಸಪ್ಪೆ. ಆದರೂ ಅದರ ಹಿಂದಿರುವ ಕಥೆ ಎಲ್ಲಕ್ಕಿಂತ ಸ್ವಾರಸ್ಯಕರ. ನೆದರ್‌ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ನಿವೃತ್ತ ಸಂಖ್ಯಾಶಾಸ್ತ್ರ ಪ್ರಾಧ್ಯಾಪಕ ಪೀಟರ್ ಕ್ರೂನೆನ್‌ಬರ್ಗ್ ಅವರಿಗೆ ವೈಜ್ಞಾನಿಕ ಲೇಖನ ಬರೆಯುವ ಕಲೆಯ ಬಗೆಗಿನ ಒಂದು ಲೇಖನದ ಉಲ್ಲೇಖ ಕಣ್ಣಿಗೆ ಬಿತ್ತು. ಲೇಖಕರು ವಾನ್ ಡೆರ್ ಗೇರ್ ಮತ್ತಿಬ್ಬರು, ವರ್ಷ 2000. ಹುಡುಕಿದರೆ ಆ ಲೇಖನವೂ ಇಲ್ಲ, ಆ ಜರ್ನಲ್ಲೂ ಇಲ್ಲ! ಆದರೆ ಅದನ್ನು ಉಲ್ಲೇಖಿಸಿದ ಲೇಖನಗಳು ಸುಮಾರು 400 ಇದ್ದವು. ಅದು ಪ್ರಕಾಶನ ಸಂಸ್ಥೆ ಎಲ್ಸೆವಿಯರ್ ತನ್ನ ಲೇಖಕರ ಕೈಪಿಡಿಯಲ್ಲಿ ಶೈಲಿ ತೋರಿಸಲೆಂದು ಕಟ್ಟಿದ ಮಾದರಿ. ಆನ್-ವಿಲ್ ಹಾರ್ಜಿಂಗ್ ಎಂಬ ಪ್ರಾಧ್ಯಾಪಕಿ 2017ರಲ್ಲಿ ಈ ಸಂಗತಿಯನ್ನು ಬರೆದು ಹೊರಗಿಟ್ಟರು. ಉಲ್ಲೇಖಿಸಿದವುಗಳಲ್ಲಿ ಬಹುಪಾಲು ಸಮ್ಮೇಳನಗಳ ಪ್ರಬಂಧಗಳು. ಮಾದರಿ ಕಡತದ ಮೇಲೆಯೇ ತಮ್ಮ ಬರಹ ತುಂಬಿದವರು ಅಲ್ಲಿದ್ದ ಮಾದರಿ ಸಾಲನ್ನು ಅಳಿಸಲು ಮರೆತಿದ್ದರೆಂದು ತೋರುತ್ತದೆ. ಪಠ್ಯದಲ್ಲಿ ಇದು ಎಲ್ಲಿ ಬಂದಿದೆ ಎಂದು ಒಮ್ಮೆ ಹುಡುಕಿದ್ದರೆ ಇಂಥ ಸಾಲು ಸಿಕ್ಕಿಬೀಳುತ್ತಿತ್ತು.

ಹಿಂತೆಗೆದುಕೊಂಡ ಲೇಖನಗಳ ವಿಚಾರ ಇದಕ್ಕಿಂತ ಗಂಭೀರ. ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿದ 1998ರ ವೇಕ್‌ಫೀಲ್ಡ್ ಲೇಖನವನ್ನು ‘ಲ್ಯಾನ್ಸೆಟ್’ 2010ರ ಫೆಬ್ರವರಿಯಲ್ಲಿ ಹಿಂತೆಗೆದುಕೊಂಡಿತು. ಐದು ವರ್ಷ ಹಿಂದೆ ಇಳಿಸಿಟ್ಟ ಪಿಡಿಎಫ್‌ನಲ್ಲಿ ಆಮೇಲೆ ಆದ ಇಂಥ ಬದಲಾವಣೆ ಕಾಣುವುದಿಲ್ಲ. ಡಿಒಐ ಒತ್ತಿ ಪ್ರಕಾಶಕರ ಪುಟ ತೆರೆದು ನೋಡುವುದೇ ಸುಲಭದ ದಾರಿ. ಹಿಂತೆಗೆತಗಳನ್ನು ಕಲೆಹಾಕುವ ರಿಟ್ರಾಕ್ಷನ್ ವಾಚ್ ದತ್ತಾಂಶ 2023ರಿಂದ ಕ್ರಾಸ್‌ರೆಫ್ ಮೂಲಕ ಎಲ್ಲರಿಗೂ ಮುಕ್ತವಾಗಿದೆ. ಹಿಂತೆಗೆದುಕೊಂಡದ್ದನ್ನು ಉಲ್ಲೇಖಿಸಲೇಬಾರದು ಎಂದೇನಿಲ್ಲ. ಅದು ಹಿಂತೆಗೆತವಾಗಿದೆ ಎಂದು ರೆಫರೆನ್ಸ್‌ನಲ್ಲೇ ನಮೂದಿಸಬೇಕು, ಅಷ್ಟೆ.

ಸಂಪಾದಕರ ಪಟ್ಟಿಗೆ ಎಟುಕದ ತಪ್ಪೂ ಒಂದಿದೆ. 1980ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಐದೇ ವಾಕ್ಯಗಳ ಒಂದು ಪತ್ರ ಬಂತು. ಆಸ್ಪತ್ರೆಯಲ್ಲಿ ದಾಖಲಾಗಿ ಮಾದಕ ನೋವುನಿವಾರಕ ಪಡೆದವರಲ್ಲಿ ಚಟ ಹತ್ತುವುದು ವಿರಳ ಎಂದು ಅದರ ಸಾರಾಂಶ. ಅದೇ ಜರ್ನಲ್ 2017ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಆ ಪತ್ರವನ್ನು 608 ಬರಹಗಳು ಉಲ್ಲೇಖಿಸಿದ್ದವು. ಅವುಗಳಲ್ಲಿ 439 ಅದನ್ನು ಚಟ ವಿರಳ ಎಂಬುದಕ್ಕೆ ಪುರಾವೆಯಾಗಿ ಬಳಸಿದ್ದವು. ಆ ರೋಗಿಗಳು ಆಸ್ಪತ್ರೆಯಲ್ಲಿ ಇದ್ದವರು ಎಂಬ ಮಾತನ್ನು ಮಾತ್ರ ಹೆಚ್ಚಿನವರು ಹೇಳಲೇ ಇಲ್ಲ. ಇಂಥಲ್ಲಿ ಸಂಪುಟ, ಪುಟ, ವರ್ಷ ಎಲ್ಲವೂ ಸರಿಯಿರಬಹುದು, ಕೊಂಡಿಯೂ ಬೀಳಬಹುದು. ಮೂಲವನ್ನು ಓದಿದ್ದಾರೋ ಇಲ್ಲವೋ ಎಂದು ಕೇಳುವ ಚೌಕ ಮಾತ್ರ ಆ ಪಟ್ಟಿಯಲ್ಲಿಲ್ಲ.

ಉತ್ತರ ಕಳಿಸುವಾಗ ಸಾಮಾನ್ಯವಾಗಿ ಎರಡು ಕಡತ ಬೇಕಾಗುತ್ತವೆ. ಒಂದರಲ್ಲಿ ಬದಲಾವಣೆಗಳು ಗುರುತಾಗಿರಬೇಕು, ಇನ್ನೊಂದು ಸ್ವಚ್ಛ ಪ್ರತಿ. ಜತೆಗೆ ಪಟ್ಟಿಯ ಪ್ರತಿ ಸಾಲಿನ ಕೆಳಗೆ ಏನು ಮಾಡಿದ್ದೀರಿ ಎಂಬುದನ್ನು ಒಂದು ವಾಕ್ಯದಲ್ಲಿ ಬರೆದರೆ ಸಂಪಾದಕರ ಕೆಲಸ ಬೇಗ ಮುಗಿಯುತ್ತದೆ. ಹಳೆಯ ಪುಸ್ತಕಕ್ಕೋ ಪ್ರಾದೇಶಿಕ ಜರ್ನಲ್‌ಗೋ ಡಿಒಐ ಇಲ್ಲದಿದ್ದರೆ ‘ಇಲ್ಲ’ ಎಂದೇ ತಿಳಿಸಿ, ಎಲ್ಲಿಂದಲೋ ಒಂದನ್ನು ತಂದು ಅಂಟಿಸಬೇಡಿ. ಈಗ ಬಿಟ್ಟ ತಪ್ಪುಗಳು ಪ್ರೂಫ್ ಬಂದಾಗ ಅಂಚಿನಲ್ಲಿ ಪ್ರಶ್ನೆಗಳಾಗಿ ಮರಳುತ್ತವೆ, ಅವಕ್ಕೆ ಉತ್ತರಿಸಲು ಅನೇಕ ಜರ್ನಲ್‌ಗಳು ಕೊಡುವ ಸಮಯ 48 ಗಂಟೆ ಮಾತ್ರ.