ಬ್ರೋಕರಿನ ಆತುರದ ಲೆಕ್ಕ

ನಿಮ್ಮ ಸೈಟಿಗೆ 60 ಲಕ್ಷದ ಗಿರಾಕಿ ಬಂದಿದ್ದಾನೆ. ಇನ್ನೊಂದು ತಿಂಗಳು ಕಾದರೆ 63 ಲಕ್ಷ ಸಿಕ್ಕೀತು. ಬ್ರೋಕರ್ ಮಾತ್ರ 'ಕೊಟ್ಟುಬಿಡಿ ಸಾರ್, ಮಾರ್ಕೆಟ್ ಬಿದ್ದಿದೆ' ಎನ್ನುತ್ತಾನೆ. ಮೋಸವೇ ಇರಬೇಕಿಲ್ಲ. ಶೇ. 2ರ ಕಮಿಷನ್ನಿನಲ್ಲಿ ಅವನಿಗೆ ಇಂದೇ 1,20,000 ರೂಪಾಯಿ ಬರುತ್ತದೆ. ತಿಂಗಳು ಅಲೆದರೆ ಹೆಚ್ಚಿಗೆ ಸಿಗುವುದು ಬರೀ 6,000. ಅಮೆರಿಕದ ಶಿಕಾಗೋ ಸುತ್ತ ಲೆವಿಟ್ ಮತ್ತು ಸೈವರ್ಸನ್ ನಡೆಸಿದ ಅಧ್ಯಯನದಲ್ಲಿ, ಏಜೆಂಟರು ಸ್ವಂತ ಮನೆ ಮಾರುವಾಗ ಹೆಚ್ಚು ದಿನ ಕಾದು ಹೆಚ್ಚು ಬೆಲೆ ಪಡೆದದ್ದು ಕಂಡುಬಂತು!

ಹಾಗಾಗಿ ಕಮಿಷನ್ನಿನ ರೀತಿಯನ್ನೇ ಬದಲಿಸಿ. 60 ಲಕ್ಷದವರೆಗೆ ಶೇ. 1.5, ಅದರ ಮೇಲಿನ ಮೊತ್ತಕ್ಕೆ ಶೇ. 15 ಎಂದು ಬರೆದುಕೊಡಿ. ಆಗ 63ಕ್ಕೆ ಮಾರಿದರೆ ಅವನಿಗೆ 45,000 ಹೆಚ್ಚು. ಆ 60ರ ಗಡಿಯನ್ನು ಮಾತ್ರ ಅಕ್ಕಪಕ್ಕದ ಮಾರಾಟ ವಿಚಾರಿಸಿ ನೀವೇ ಗೊತ್ತುಮಾಡಿ. ಕೊಳ್ಳುವವರಿಂದಲೂ ಕಮಿಷನ್ ಪಡೆಯುತ್ತಾನೆಯೇ ಎಂದು ಮೊದಲೇ ಕೇಳಿಬಿಡಿ.