ಬಾಡಿಗೆ ಮನ್ಯಾಗ ದೇವರ ಜಗಲಿ

ಎರಡನೇ ಸೆಮಿಸ್ಟರ್ ಮುಗಿದ ಮೇಲೆ ಹಾಸ್ಟೆಲ್ ಬಿಟ್ಟು ನಾವು ಮೂವರು ಗೆಳೆಯರು ಶಹಾಪುರದಾಗ ಒಂದು ಫ್ಲ್ಯಾಟ್ ಹಿಡಿದೆವು. ಸಾಮಾನು ಇಳಿಸಿದ ದಿನವೇ ಗೊತ್ತಾಯಿತು, ಮೂವರ ಅವ್ವಂದಿರೂ ಒಂದೊಂದು ದೇವರನ್ನು ಗಂಟು ಕಟ್ಟಿ ಕಳಿಸ್ಯಾರೆ ಅಂತ. ನಾನು ಯಾದಗಿರಿ ಕಡೆಯವನು, ನನ್ನ ಚೀಲದಾಗ ಮೈಲಾಪುರ ಮಲ್ಲಯ್ಯನ ಫೋಟೋ ಮತ್ತು ಒಂದು ಪೊಟ್ಟಣ ಭಂಡಾರ. ಸುರಪುರದ ಗೆಳೆಯ ತಂದದ್ದು ತಿಂಥಣಿ ಮೌನೇಶ್ವರನ ಫೋಟೋ. ಶಹಾಪುರ ತಾಲೂಕಿನ ಹಳ್ಳಿಯವನ ಹತ್ತಿರ ಚರಬಸವೇಶ್ವರರ ಫೋಟೋ, ವಿಭೂತಿ ಮತ್ತು ಅವರ ಅಜ್ಜಿಯ ಹಿತ್ತಾಳಿ ದೀಪ.

ಊರಿನ ಮನೆಗಳಲ್ಲಾದರೆ ಗ್ವಾಡಿಯೊಳಗೆ ಮಾಡ ಇರ್ತದೆ, ಕಲ್ಲಿನ ಜಗಲಿ ಇರ್ತದೆ. ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯಂಗಿಲ್ಲ. ಹಾಗಾಗಿ ಹಾಲ್‌ನ ಪ್ಲೈವುಡ್ ಶೆಲ್ಫಿನ ಒಂದು ಖಾನೆಯಲ್ಲಿ ಮೂರೂ ಫೋಟೋ ಇಟ್ಟು ಮುಂದೆ ದೀಪ ಹಚ್ಚಿದೆವು. ನೋಡಲು ಚೆಂದಿತ್ತು. ಎರಡು ತಿಂಗಳಿಗೆ ಬಾಡಿಗೆ ಕೇಳಲು ಬಂದ ಮನೆ ಮಾಲಕಿ ಖಾನೆಯೊಳಗೆ ಬಗ್ಗಿ ನೋಡಿ, "ಏನೋ ತಮ್ಮಾ ಇದು, ಮ್ಯಾಲಿನ ಹಲಗಿ ಪೂರಾ ಕರ್ರಗಾಗ್ಯಾದಲ್ಲ!" ಅಂದರು. ಮುಟ್ಟಿ ನೋಡಿದರೆ ಮೈಕಾ ಉಬ್ಬಿ ಅಂಟು ಬಿಟ್ಟಿತ್ತು. ಅದರ ದುಡ್ಡು ನಮ್ಮ ಅಡ್ವಾನ್ಸಿನಲ್ಲಿ ಹೋಯಿತು. ಇನ್ನೊಂದು ತಿಂಗಳು ಹಾಗೇ ಬಿಟ್ಟಿದ್ದರೆ ಏನಾಗ್ತಿತ್ತೋ ಅಂತ ಆಮೇಲೆ ಹೆದರಿಕೆ ಆಯಿತು.

ಆವಾಗ ಕಲಿತ ಮಾತು ಇದು: ಬಾಡಿಗೆ ಮನೆಯಲ್ಲಿ ಜಗಲಿಯ ಜಾಗ ಹುಡುಕುವಾಗ ಮೊದಲು ದೀಪದ ಜಾಗ ಹುಡುಕಬೇಕು. ಫೋಟೋ ಎಲ್ಲಿಯಾದರೂ ಕೂಡ್ತದೆ, ಬೆಂಕಿ ಕೂಡುವುದಿಲ್ಲ.

ಜಾಗ

ದೀಪದ ಕುಡಿ ಬೆರಳಿನಷ್ಟೇ ಇದ್ದರೂ ಬಿಸಿ ಗಾಳಿ ಅದರ ಮೇಲೆ ಕಂಬದಂತೆ ನೆಟ್ಟಗೆ ಏರ್ತದೆ. ಪರೀಕ್ಷೆ ಸುಲಭ. ದೀಪ ಹಚ್ಚಿ, ಮೇಲಿನ ಹಲಗಿ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರದಲ್ಲಿ ಅಂಗೈ ಹಿಡಿದು ಇಪ್ಪತ್ತರ ತನಕ ಎಣಿಸಿ. ಕೈ ಹಿಂದಕ್ಕೆ ಎಳೆದುಕೊಳ್ಳಬೇಕು ಅನಿಸಿದರೆ ಅಲ್ಲಿ ದೀಪ ಬೇಡ. ನಮ್ಮ ಖಾನೆಯ ಎತ್ತರ ಒಂದು ಅಡಿ, ಹತ್ತು ಎಣಿಸಲೂ ಆಗಲಿಲ್ಲ. ದೀಪದ ಮೇಲೆ ಏನೂ ಇಲ್ಲದಿರುವುದೇ ಒಳ್ಳೆಯದು.

ಎರಡನೆಯದು ಗಾಳಿ. ಫ್ಯಾನ್ ಕೆಳಗೆ ಅಥವಾ ಕಿಟಕಿ ಪಕ್ಕ ಇಟ್ಟರೆ ಕುಡಿ ಹೊಯ್ದಾಡಿ, ಎಣ್ಣೆ ಪೂರ್ತಿ ಸುಡದೆ ಮಸಿ ಬರ್ತದೆ. ಪರದೆ ಹಾರಿ ಬಂದರಂತೂ ಮುಗೀತು. ದಿಕ್ಕಿನ ಪ್ರಶ್ನೆ ಇದಾದ ಮೇಲೆ. ಕುಂತವರ ಮುಖ ಪೂರ್ವಕ್ಕೋ ಉತ್ತರಕ್ಕೋ ಇರಲಿ ಅನ್ನುವುದು ನಮ್ಮ ಕಡೆಯ ವಾಡಿಕೆ. ಅಂದರೆ ಜಗಲಿ ಪೂರ್ವದ ಅಥವಾ ಉತ್ತರದ ಗ್ವಾಡಿಗೆ ಬರಬೇಕು. ನಮ್ಮ ಹಾಲ್‌ನ ಪೂರ್ವದ ಗ್ವಾಡಿಗೆ ಕಿಟಕಿ ಇರಲಿಲ್ಲ, ಅಲ್ಲೇ ಗಟ್ಟಿ ಮಾಡಿದೆವು.

ಒಂದೂವರೆ ಅಡಿ ಎತ್ತರದ ಹಳೆ ಕಟ್ಟಿಗೆ ಸ್ಟೂಲು, ಅದರ ಮೇಲೆ ಫರಸಿ ಅಂಗಡಿಯಲ್ಲಿ ಉಳಿದ ಶಹಾಬಾದ್ ಕಲ್ಲಿನ ತುಂಡು. ನೆಲದ ಮೇಲೆ ಕುಂತರೆ ಫೋಟೋ ಕಣ್ಣಿನ ಮಟ್ಟಕ್ಕೆ ಬರ್ತದೆ. ಫೋಟೋಗಳು ಹಿಂದೆ ಗ್ವಾಡಿಗೆ ಒರಗಿರ್ತಾವೆ, ದೀಪ ಅವುಗಳಿಂದ ಒಂದು ಗೇಣು ಮುಂದೆ ಸ್ಟೀಲ್ ತಟ್ಟೆಯಲ್ಲಿ. ಊದಿನಕಡ್ಡಿಯನ್ನು ಅಕ್ಕಿ ತುಂಬಿದ ಬಟ್ಟಲಿಗೆ ಚುಚ್ಚಿ ಅದೇ ತಟ್ಟೆಯಲ್ಲಿ ಇಡ್ತೀವಿ, ಕೆಂಡ ಬಿದ್ದರೂ ತಟ್ಟೆಯೊಳಗೇ ಬೀಳಲಿ ಅಂತ. ಮೊಳೆ ಒಂದೂ ಹೊಡೆದಿಲ್ಲ. ಮನೆ ಬಿಡುವಾಗ ಎತ್ತಿಕೊಂಡು ನಡೆಯುವುದು ಅಷ್ಟೇ.

ಹಿತ್ತಾಳಿ, ಕಲ್ಲು, ನೀರು

ಹೊಸ ಜಗಲಿಯಲ್ಲೂ ಒಂದು ತಪ್ಪು ಮಾಡಿದೆವು. ಹುಣಸೆಹಣ್ಣು, ಉಪ್ಪು ಹಚ್ಚಿದ ದೀಪವನ್ನು ಆ ಕಲ್ಲಿನ ಮೇಲೇ ಇಟ್ಟು ಉಜ್ಜಿದೆವು. ದೀಪ ಬಂಗಾರದಂತಾಯಿತು, ಕಲ್ಲಿನ ಮೇಲೆ ಮಾತ್ರ ಬೆಳ್ಳಗೆ ಒರಟು ಕಲೆ ಉಳಿಯಿತು. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಅಂದರೆ ಕ್ಯಾಲ್ಸಿಯಂ ಕಾರ್ಬೋನೇಟ್. ಹುಣಸೆಯ ಹುಳಿ ಅದನ್ನು ತಿಂತದೆ. ಅದು ಕಲೆಯಲ್ಲ, ಕಲ್ಲೇ ಸವೆದದ್ದು, ತಿಕ್ಕಿದರೆ ಹೋಗುವುದಿಲ್ಲ. ಹುಣಸೆ, ನಿಂಬೆಯ ಕೆಲಸ ಬಚ್ಚಲಲ್ಲಿ ಬಕೆಟ್ ಮೇಲೇ ಆಗಲಿ.

ಹಿತ್ತಾಳಿಗೂ ಒಂದು ಮಿತಿ ಇದೆ. ಅದು ತಾಮ್ರ ಮತ್ತು ಸತುವಿನ ಮಿಶ್ರಣ. ಹುಳಿ ಮೇಲಿನ ಕಪ್ಪು ಪದರವನ್ನು ಕರಗಿಸ್ತದೆ, ಐದು ನಿಮಿಷ ಸಾಕು. ರಾತ್ರಿಯೆಲ್ಲಾ ನೆನೆಸಿಟ್ಟರೆ ಸತುವೂ ಹೊರಗೆ ಬಂದು ದೀಪ ಗುಲಾಬಿ ಬಣ್ಣಕ್ಕೆ ತಿರುಗ್ತದೆ. ಹಾಗೆ ಕಂಡರೆ ನೆನೆಸಿದ್ದು ಹೆಚ್ಚಾಯಿತು ಅಂತ ತಿಳಿಯಿರಿ. ಉಪ್ಪು ಚೆನ್ನಾಗಿ ತೊಳೆಯದಿದ್ದರೆ ಸಂದಿಗಳಲ್ಲಿ ಹಸಿರು ಕಿಲುಬು ಬರ್ತದೆ. ನಮ್ಮ ಬೋರಿನ ನೀರು ಗಡುಸು, ತಾನೇ ಒಣಗಲು ಬಿಟ್ಟರೆ ಬಿಳಿ ಚುಕ್ಕಿ ಬೀಳ್ತಾವೆ. ತೊಳೆದ ಕೂಡಲೇ ಒಣ ಬಟ್ಟೆಯಿಂದ ಒರೆಸಿದರೆ ಎರಡೂ ತಪ್ತಾವೆ. ಫೋಟೋದ ಗಾಜಿಗೆ ನೀರು ಚಿಮುಕಿಸಬಾರದು. ಫ್ರೇಮಿನೊಳಗೆ ನೀರು ಇಳಿದರೆ ಕಾಗದ ಗಾಜಿಗೆ ಅಂಟಿ ಫೋಟೋ ಹಾಳಾಗ್ತದೆ. ಹಿಂಡಿದ ಬಟ್ಟೆಯಿಂದ ಒರೆಸಿ.

ಭಂಡಾರ ಅಂದರೆ ಅರಿಶಿಣ, ಅದಕ್ಕೊಂದು ಮುಚ್ಚಳದ ಡಬ್ಬಿ ಬೇಕು. ಜಗಲಿಯ ಬಿಳಿ ವಸ್ತ್ರಕ್ಕೆ ಅದು ಚೆಲ್ಲಿದಾಗ ಸೋಪು ಹಚ್ಚಿದೆವು, ಕಲೆ ಕೆಂಪಗಾಯಿತು. ಗಾಬರಿ ಬೇಡ. ಕ್ಷಾರ ತಾಗಿದರೆ ಅರಿಶಿಣ ಕೆಂಪಾಗ್ತದೆ, ಲ್ಯಾಬಿನ ಇಂಡಿಕೇಟರ್ ಇದ್ದಂಗ. ಸೋಪು ಪೂರ್ತಿ ಹೋಗುವ ತನಕ ಜಾಲಿಸಿ ಬಿಸಿಲಿಗೆ ಹಾಕಿ. ಬೆಳಕಿಗೆ ಅರಿಶಿಣದ ಬಣ್ಣ ಮಾಸ್ತದೆ, ಮತ್ತೆ ನಮ್ಮ ಊರಾಗ ಬಿಸಿಲಿಗೇನು ಬರ ಇಲ್ಲ.

ದಿನದ ಹತ್ತು ನಿಮಿಷ

ಮುಂಜಾನೆ ಮೊದಲ ಕೆಲಸ ನಿನ್ನೆಯ ಹೂ ತೆಗೆಯುವುದು. ಬೇಸಿಗೆಯಲ್ಲಿ ಮಧ್ಯಾಹ್ನಕ್ಕೇ ಹೂ ಬಾಡ್ತಾವೆ, ಬಿಟ್ಟರೆ ಕೊಳೆತು ಕಲ್ಲಿಗೆ ಕಲೆ ಹಿಡಿತಾವೆ. ತೆಗೆದದ್ದನ್ನು ಕೆಳಗಿನ ಗಿಡದ ಬುಡಕ್ಕೆ ಹಾಕ್ತೀವಿ. ಸಕ್ಕರೆ, ಬೆಲ್ಲ ನೈವೇದ್ಯ ಆದ ಕೂಡಲೇ ತಿಂದುಬಿಡಬೇಕು, ಇಲ್ಲದಿದ್ದರೆ ಇರುವೆ ಸಾಲು ಹಚ್ತಾವೆ.

ಬತ್ತಿ ಎಣ್ಣೆಯಿಂದ ಗೋಧಿ ಕಾಳಿನಷ್ಟೇ ಹೊರಗಿರಲಿ. ಉದ್ದ ಇದ್ದಷ್ಟೂ ಕುಡಿ ದೊಡ್ಡದು, ಮಸಿಯೂ ಹೆಚ್ಚು. ನಮ್ಮಲ್ಲಿ ಕುಸುಬಿ ಎಣ್ಣೆ ಬಳಕೆ ಹಳೆಯದು, ಆದರೆ ಅದು ಗಾಳಿಗೆ ಒಣಗಿ ಅಂಟಾಗುವ ಎಣ್ಣೆ. ದೀಪದಲ್ಲಿ ದಿನಗಟ್ಟಲೆ ಉಳಿದರೆ ಗೋಂದಿನಂತೆ ಹಿಡಿತದೆ. ಶೇಂಗಾ ಎಣ್ಣೆಗೆ ಈ ಕಾಟ ಕಡಿಮೆ. ಯಾವ ಎಣ್ಣೆಯಾದರೂ ಅರ್ಧ ಚಮಚಕ್ಕಿಂತ ಹೆಚ್ಚು ಹಾಕುವುದಿಲ್ಲ. ನಾವು ನಾಷ್ಟಾ ಮುಗಿಸುವುದರೊಳಗೆ ಅದು ಉರಿದು ತಾನೇ ಶಾಂತವಾಗಬೇಕು. ಎಂಟೂವರೆಯ ಬಸ್ಸಿಗೆ ಓಡುವ ಗಡಿಬಿಡಿ ಇದ್ದ ದಿನ ದೀಪ ಹಚ್ಚುವುದೇ ಇಲ್ಲ, ಕೈ ಮುಗಿದು ಹೋಗ್ತೀವಿ. ಉರಿಯುವ ದೀಪ ಬಿಟ್ಟು ಬೀಗ ಹಾಕಬಾರದು ಅನ್ನುವುದು ಮೂವರೂ ಒಪ್ಪಿದ ಒಂದೇ ಕಾನೂನು.

ಉಳಿದದ್ದು ಅವರವರ ಮನೆಯ ಪದ್ಧತಿ. ಮಲ್ಲಯ್ಯನ ವಾರ ರವಿವಾರ, ಅಂದು ತೊಳೆಯುವ ಪಾಳಿ ನನ್ನದು. ಶಹಾಪುರದವನು ಸೋಮವಾರ ವಿಭೂತಿ ಹಚ್ಚಿಕೊಂಡು ಕುಂತರೆ ನಾವು ಹೆಡ್‌ಫೋನ್ ಹಾಕಿಕೊಳ್ತೀವಿ. ಸುರಪುರದವನಿಗೆ ಅಮಾವಾಸ್ಯೆ ಮುಖ್ಯ. ರಜೆಗೆ ಊರಿಗೆ ಹೊರಟಾಗ ಎಣ್ಣೆ ಬಸಿದು, ದೀಪ ಒರೆಸಿ ಕಾಗದದಲ್ಲಿ ಸುತ್ತಿ, ಫೋಟೋಗಳ ಮೇಲೆ ವಸ್ತ್ರ ಹೊದಿಸಿ ಹೋಗ್ತೀವಿ.

ಹೋದ ಸಂಕ್ರಾಂತಿಗೆ ಮೈಲಾಪುರ ಜಾತ್ರೆ ಮುಗಿಸಿ ಅವ್ವ ನಮ್ಮ ಫ್ಲ್ಯಾಟಿಗೆ ಬಂದಿದ್ದಳು. ಹೊಸ ಭಂಡಾರ ಡಬ್ಬಿಗೆ ಸುರುವಿ, ಕಲ್ಲಿನ ಮೇಲಿನ ಬಿಳಿ ಕಲೆಯ ಮೇಲೆ ಬೆರಳಾಡಿಸಿ, "ಇದೇನಾತೋ?" ಅಂದಳು. ಹೇಳಿದೆ. "ನನಗ ಕೇಳಿದ್ರ ಹೇಳ್ತಿದ್ದೆನಲ್ಲೋ, ಫರಸಿಗೆ ಹುಳಿ ತಾಗಸಬಾರದು ಅಂತ" ಅಂದು, ಆ ಕಲೆಯ ಮೇಲೆಯೇ ದೀಪದ ತಟ್ಟೆ ಸರಿಸಿ ಇಟ್ಟಳು.